ಒಂದು ಸಾಲು ಅಳಿಸಿದಾಗ ಕೆಟ್ಟ ಶುಲ್ಕಪಟ್ಟಿ

ಜೂನ್ ತಿಂಗಳ ಒಂದು ಸೋಮವಾರ, ಪ್ರವೇಶಾತಿಯ ಗಡಿಬಿಡಿಯ ನಡುವೆ ತಾಲ್ಲೂಕು ಕೇಂದ್ರದ ಒಂದು ಪದವಿ ಕಾಲೇಜಿನಿಂದ ನನಗೆ ಫೋನ್ ಬಂತು. ಆ ಕಾಲೇಜಿನ ವೆಬ್‌ಸೈಟ್ ಕಟ್ಟಿದ್ದು ಬೇರೆಯವರು. ಅವರು ಊರು ಬಿಟ್ಟ ಮೇಲೆ ಅದರ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಪ್ರಾಂಶುಪಾಲರ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. "ನೋಡಿ, ಇಲ್ಲೊಬ್ಬರು ತಂದೆ ಹಳ್ಳಿಯಿಂದ 21,000 ರೂಪಾಯಿ ಹೊಂದಿಸಿಕೊಂಡು ಬಂದಿದ್ದಾರೆ. ಬಿಸಿಎ ಶುಲ್ಕ 24,500. ನಿಮ್ಮ ವೆಬ್‌ಸೈಟಲ್ಲೇ 21,000 ಅಂತ ಇದೆಯಲ್ಲ ಸರ್ ಅಂತ ಮೊಬೈಲ್ ತೋರಿಸ್ತಿದ್ದಾರೆ. ನಾನೇನು ಹೇಳಲಿ?"

ನಾನು ಆ ಪುಟ ತೆರೆದೆ. ಪಟ್ಟಿ ಅಚ್ಚುಕಟ್ಟಾಗಿತ್ತು, ಎಲ್ಲೂ ಮುರಿದಂತೆ ಕಾಣುತ್ತಿರಲಿಲ್ಲ. ಆದರೆ ಐದು ಕೋರ್ಸುಗಳಿರಬೇಕಾದಲ್ಲಿ ನಾಲ್ಕಿದ್ದವು, ಮೂರರ ಮುಂದೆ ತಪ್ಪು ಶುಲ್ಕವಿತ್ತು.

ಆದದ್ದು ಇಷ್ಟು. ಆ ಪುಟದಲ್ಲಿ ಅಕ್ಕಪಕ್ಕ ಎರಡು ಅಂಕಣಗಳಿದ್ದವು. ಎಡಗಡೆ ಬಿ.ಎ., ಬಿ.ಎಸ್‌ಸಿ., ಬಿ.ಕಾಂ., ಬಿಬಿಎ, ಬಿಸಿಎ ಎಂದು ಒಂದರ ಕೆಳಗೊಂದು ಹೆಸರು. ಬಲಗಡೆ 9,200, 14,500, 12,800, 21,000, 24,500 ಎಂದು ಒಂದರ ಕೆಳಗೊಂದು ಮೊತ್ತ. ನೋಡುವವರಿಗೆ ಅದು ಕೋಷ್ಟಕ. ಕಂಪ್ಯೂಟರಿಗೆ ಮಾತ್ರ ಅವು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಬಿಡಿ ಬರಹಗಳು. ವಿದ್ಯಾರ್ಥಿಗಳು ಬರಲಿಲ್ಲವೆಂದು ಆ ವರ್ಷ ಬಿ.ಎಸ್‌ಸಿ. ನಿಲ್ಲಿಸಿದ್ದರು. ಕಚೇರಿಯ ಎಸ್‌ಡಿಎ ಮೇಡಂ ಎಡಗಡೆಯ ಬಿ.ಎಸ್‌ಸಿ. ಸಾಲನ್ನು ಅಳಿಸಿದರು. ಅದರ ಕೆಳಗಿನ ಹೆಸರುಗಳೆಲ್ಲ ಒಂದೊಂದು ಸಾಲು ಮೇಲೆ ಬಂದವು. ಮೊತ್ತಗಳು ಇದ್ದಲ್ಲೇ ಉಳಿದವು. ಬಿ.ಕಾಂ. ಎದುರಿಗೆ 14,500 ಬಂತು, ಬಿಬಿಎ ಎದುರಿಗೆ 12,800, ಬಿಸಿಎ ಎದುರಿಗೆ 21,000. ಕೊನೆಯಲ್ಲಿ 24,500 ಎಂಬ ಅಂಕಿ ಹೆಸರಿಲ್ಲದೆ ಒಂಟಿಯಾಗಿ ಉಳಿಯಿತು. ಬಿ.ಎಸ್‌ಸಿ.ಯದೇ ಉಳಿಕೆ ಇರಬೇಕು ಎಂದುಕೊಂಡು ಅವರು ಅದನ್ನೂ ತೆಗೆದರು. ಪುಟ ಮತ್ತೆ ಅಂದವಾಯಿತು. ಸೇವ್ ಒತ್ತಿದರು. ಅದೇ ಕ್ಷಣಕ್ಕೆ ಅದು ಊರಿಗೆಲ್ಲ ಪ್ರಕಟವಾಯಿತು.

ಇದರಲ್ಲಿ ಮೇಡಂ ಅವರ ತಪ್ಪು ನನಗೆ ಕಾಣುವುದಿಲ್ಲ. ಕಾಗದದ ಮೇಲೆ ಆಗಿದ್ದರೆ ಅವರು ಇಂಥ ತಪ್ಪು ಮಾಡುತ್ತಲೇ ಇರಲಿಲ್ಲ. ಮಾಡಿದ್ದರೂ ಅದು ಹೊರಗೆ ಹೋಗುತ್ತಿರಲಿಲ್ಲ. ಕಾಲೇಜಿನಲ್ಲಿ ಒಂದು ಸುತ್ತೋಲೆ ಹೊರಡಬೇಕಾದರೆ ಗುಮಾಸ್ತರು ಕರಡು ಇಡುತ್ತಾರೆ, ಅಧೀಕ್ಷಕರು ಕಣ್ಣಾಡಿಸುತ್ತಾರೆ, ಪ್ರಾಂಶುಪಾಲರು ಸಹಿ ಹಾಕುತ್ತಾರೆ, ಆಮೇಲೆ ನೋಟಿಸ್ ಬೋರ್ಡಿಗೆ ಏರುತ್ತದೆ. ವೆಬ್‌ಸೈಟಿನಲ್ಲಿ ಈ ಮೂರು ಮೆಟ್ಟಿಲೂ ಇರಲಿಲ್ಲ. ಸೈಟ್ ಕಟ್ಟಿಸುವಾಗ ಅವುಗಳನ್ನು ಯಾರೂ ಕೇಳಿರಲಿಲ್ಲ. ಬಣ್ಣ ಯಾವುದು, ಮೇಲ್ಗಡೆ ಸರಿದಾಡುವ ಚಿತ್ರಗಳೆಷ್ಟು ಎಂಬ ಮಾತೇ ನಡೆದಿತ್ತು.

ಸಿಎಂಎಸ್ ಎಂದರೆ, ಕೋಡ್ ಬರೆಯಲು ಬಾರದವರೂ ಬ್ರೌಸರಿನಲ್ಲೇ ಲಾಗಿನ್ ಆಗಿ ಪುಟಗಳನ್ನು ತಿದ್ದಲು ಬಿಡುವ ತಂತ್ರಾಂಶ. ವರ್ಡ್‌ಪ್ರೆಸ್ ಎಲ್ಲರಿಗೂ ಗೊತ್ತಿರುವ ಹೆಸರು. 2003ರಲ್ಲಿ ಬ್ಲಾಗ್ ಬರೆಯುವವರಿಗಾಗಿ ಹುಟ್ಟಿದ್ದು ಅದು. ಡ್ರೂಪಲ್, ಜೂಮ್ಲಾ, ವ್ಯಾಗ್‌ಟೇಲ್ ಇನ್ನು ಕೆಲವು. ಎಲ್ಲವೂ ಮುಕ್ತ ತಂತ್ರಾಂಶಗಳು, ಲೈಸೆನ್ಸ್ ಶುಲ್ಕವಿಲ್ಲ. ಯಾವುದು ಒಳ್ಳೆಯದು ಎಂದು ಕೇಳಿದರೆ ಪ್ರತಿ ಡೆವಲಪರ್ ತನಗೆ ಬರುವುದನ್ನು ಹೇಳುತ್ತಾನೆ. ಆರಿಸುವವರು ಕೇಳಬೇಕಾದ ಪ್ರಶ್ನೆ ಬೇರೆ: ಈ ಮೇಡಂ ಇದೇ ಕೆಲಸ ಮಾಡಲು ಹೊರಟಾಗ ತಂತ್ರಾಂಶ ಏನು ಮಾಡುತ್ತದೆ?

ಮೊದಲು ಆ ಎರಡು ಅಂಕಣಗಳ ವಿಷಯಕ್ಕೇ ಬರುತ್ತೇನೆ, ಏಕೆಂದರೆ ಬೇರೆಲ್ಲ ಅಲ್ಲಿಂದ ಹೊರಡುತ್ತದೆ. ಆ ಪುಟವನ್ನು ಪೇಜ್ ಬಿಲ್ಡರ್ ಎಂಬ ಸಾಧನದಲ್ಲಿ ಮಾಡಿದ್ದರು. ಅದರಲ್ಲಿ ಖಾಲಿ ಹಾಳೆಯ ಮೇಲೆ ಪೆಟ್ಟಿಗೆಗಳನ್ನು ಎಳೆದು ಎಲ್ಲಿ ಬೇಕೋ ಅಲ್ಲಿ ಇಡಬಹುದು. ಕಟ್ಟುವವನಿಗೆ ಬಹಳ ಅನುಕೂಲ, ಒಂದು ಮಧ್ಯಾಹ್ನದಲ್ಲಿ ಚಂದದ ಪುಟ ಎದ್ದು ನಿಲ್ಲುತ್ತದೆ. ತಿದ್ದುವವರ ಪಾಡು ಬೇರೆ. ಅವರಿಗೆ ಬೇಕಿರುವುದು ಒಂದು ಅಂಕಿ ಬದಲಿಸುವುದು. ಆದರೆ ಅದೇ ಪರದೆಯಲ್ಲಿ ಅಂಚು, ಬಣ್ಣ, ಅಗಲ, ಅಕ್ಷರದ ಗಾತ್ರ ಎಲ್ಲವೂ ಕೈಗೆಟಕುವಂತೆ ಬಿದ್ದಿರುತ್ತವೆ. ಮೌಸ್ ಸ್ವಲ್ಪ ಜಾರಿದರೆ ಇಡೀ ಪೆಟ್ಟಿಗೆಯೇ ಜಾಗ ಬಿಟ್ಟು ಹೋಗುತ್ತದೆ. ಮೊಬೈಲಿನಲ್ಲಂತೂ ಈ ಎರಡು ಅಂಕಣಗಳು ಅಕ್ಕಪಕ್ಕ ಕೂರುವುದಿಲ್ಲ. ಮೊದಲು ಹೆಸರುಗಳೆಲ್ಲ, ಅವುಗಳ ಕೆಳಗೆ ಮೊತ್ತಗಳೆಲ್ಲ ಬರುತ್ತವೆ. ಯಾವುದಕ್ಕೆ ಎಷ್ಟು ಎಂದು ಎಣಿಸಿ ನೋಡಬೇಕು. ಆ ತಂದೆ ಹಾಗೇ ಎಣಿಸಿದ್ದರು. ನಾಲ್ಕನೇ ಹೆಸರು, ನಾಲ್ಕನೇ ಮೊತ್ತ. ಅವರ ಎಣಿಕೆ ಸರಿಯಾಗಿಯೇ ಇತ್ತು.

ಇನ್ನೊಂದು ಬಗೆ, ನಮೂನೆ ತುಂಬುವಂಥದ್ದು. ಇದರಲ್ಲಿ ಕೋರ್ಸ್ ಎನ್ನುವುದು ಪುಟದ ಮೇಲಿನ ಒಂದು ಸಾಲಲ್ಲ, ಒಂದು ದಾಖಲೆ. ಪ್ರತಿ ಕೋರ್ಸಿಗೆ ಒಂದು ನಮೂನೆ: ಹೆಸರು, ವಾರ್ಷಿಕ ಶುಲ್ಕ, ಸೀಟುಗಳ ಸಂಖ್ಯೆ, ಅರ್ಜಿಗೆ ಕೊನೆಯ ದಿನಾಂಕ, ಸಂಪರ್ಕಿಸಬೇಕಾದ ಪ್ರಾಧ್ಯಾಪಕರು. ಬಿ.ಎಸ್‌ಸಿ. ನಿಂತಿತೇ, ಆ ದಾಖಲೆಯನ್ನೇ ತೆಗೆಯುತ್ತಾರೆ. ಹೆಸರಿನ ಜೊತೆಗೆ ಅದರ ಶುಲ್ಕವೂ ಹೋಗುತ್ತದೆ, ಬೇರೆ ಕೋರ್ಸಿನ ಕೂದಲೂ ಕೊಂಕುವುದಿಲ್ಲ. ಶುಲ್ಕದ ಖಾನೆ ಅಂಕಿಯನ್ನು ಮಾತ್ರ ಸ್ವೀಕರಿಸುವಂತೆ ಕಟ್ಟಿರುತ್ತದೆ. ನಮ್ಮ ಕಚೇರಿಗಳಲ್ಲಿ ರೂಢಿಯಿರುವಂತೆ "24,500/-" ಎಂದು ಹೊಡೆದರೆ ಅದು ತಕರಾರು ತೆಗೆದು, 24500 ಎಂದಷ್ಟೇ ಬರೆಯಿರಿ ಎನ್ನುತ್ತದೆ. ಅಲ್ಪವಿರಾಮ, ರೂಪಾಯಿ ಚಿಹ್ನೆಗಳನ್ನು ಪುಟವೇ ಹಾಕಿಕೊಳ್ಳುತ್ತದೆ. ದಿನಾಂಕವನ್ನು ಕ್ಯಾಲೆಂಡರಿನಿಂದ ಆರಿಸಬೇಕಾದ್ದರಿಂದ ಜೂನ್ 31 ಎಂದು ಬರೆಯಲು ಬರುವುದಿಲ್ಲ. ಅದೇ ಶುಲ್ಕ ಮುಖಪುಟದಲ್ಲೂ ಪ್ರವೇಶಾತಿ ಪುಟದಲ್ಲೂ ಬರಬೇಕಿದ್ದರೆ ಎರಡೂ ಕಡೆ ಒಂದೇ ದಾಖಲೆಯಿಂದ ಬರುತ್ತದೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವ ಪ್ರಶ್ನೆಯೇ ಇಲ್ಲ.

ಡ್ರೂಪಲ್ ಈ ರೀತಿಯ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದರಲ್ಲಿ ಕೋರ್ಸ್, ಸೂಚನೆ, ಅಧ್ಯಾಪಕರು ಎಂದು ಬೇರೆ ಬೇರೆ ಬಗೆಯ ದಾಖಲೆಗಳನ್ನು ಕೋಡ್ ಬರೆಯದೆ ಪರದೆಯಲ್ಲೇ ರೂಪಿಸಬಹುದು. ವ್ಯಾಗ್‌ಟೇಲ್‌ನಲ್ಲಿ ಡೆವಲಪರ್ ಕೋಡಿನಲ್ಲಿ ರೂಪಿಸಿಕೊಡುತ್ತಾನೆ, ಸಿಬ್ಬಂದಿಗೆ ಕಾಣುವುದು ನಮೂನೆ ಮಾತ್ರ. ವರ್ಡ್‌ಪ್ರೆಸ್‌ನಲ್ಲೂ ಸಾಧ್ಯ, ಆದರೆ ಅದಕ್ಕೆ ಪ್ಲಗಿನ್ ಅಥವಾ ಕೋಡ್ ಬೇಕು, ಮತ್ತು ಕಟ್ಟುವವನಿಗೆ ಆ ಮನಸ್ಸಿರಬೇಕು. ಪುಟದ ವಿನ್ಯಾಸವನ್ನು ಬಿಗಿ ಮಾಡಿ ಬರಹವನ್ನಷ್ಟೇ ತಿದ್ದಲು ಬಿಡುವ ಬೀಗವೂ ವರ್ಡ್‌ಪ್ರೆಸ್‌ನ ಈಚಿನ ಆವೃತ್ತಿಗಳಲ್ಲಿದೆ. ಎಲ್ಲ ಪುಟಗಳನ್ನೂ ನಮೂನೆ ಮಾಡಬೇಕಿಲ್ಲ. ಕಾಲೇಜಿನ ಇತಿಹಾಸ, ಸಂಸ್ಥಾಪಕರ ಪರಿಚಯದಂಥ ಪುಟಗಳು ಬರೀ ಬರಹವಾಗಿದ್ದರೆ ಸಾಕು. ಯಾವ ಪುಟದ ಒಂದು ಅಂಕಿ ತಪ್ಪಿದರೆ ಯಾರದಾದರೂ ದುಡ್ಡು, ದಿನ ಹಾಳಾಗುತ್ತದೋ ಅದನ್ನು ಮಾತ್ರ ಖಾಲಿ ಹಾಳೆಯ ಮೇಲೆ ಬಿಡಬಾರದು.

ಎರಡನೆಯದು ಸಹಿಯ ಮಾತು. ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ, ಅದನ್ನು ನಿಧಾನವಾಗಿ ಹೇಳಬೇಕು.

ವರ್ಡ್‌ಪ್ರೆಸ್‌ನಲ್ಲಿ ಐದು ದರ್ಜೆಯ ಬಳಕೆದಾರರಿದ್ದಾರೆ. ಅಡ್ಮಿನಿಸ್ಟ್ರೇಟರ್‌ಗೆ ಎಲ್ಲ ಅಧಿಕಾರವಿದೆ. ಎಡಿಟರ್ ಯಾರ ಬರಹವನ್ನಾದರೂ, ಯಾವ ಪುಟವನ್ನಾದರೂ ತಿದ್ದಿ ಪ್ರಕಟಿಸಬಲ್ಲರು, ಅಳಿಸಲೂಬಲ್ಲರು. ಆಥರ್ ತಮ್ಮ ಪೋಸ್ಟುಗಳನ್ನು ಮಾತ್ರ ಪ್ರಕಟಿಸಬಲ್ಲರು. ಕಾಂಟ್ರಿಬ್ಯೂಟರ್ ಬರೆದು ಪರಿಶೀಲನೆಗೆ ಕಳಿಸಬಲ್ಲರು, ಪ್ರಕಟಿಸಲಾರರು. ಸಬ್‌ಸ್ಕ್ರೈಬರ್ ಓದುಗರಷ್ಟೇ. ಇದನ್ನು ಓದಿದ ಯಾರಿಗಾದರೂ ಗುಮಾಸ್ತರಿಗೆ ಕಾಂಟ್ರಿಬ್ಯೂಟರ್, ಪ್ರಾಂಶುಪಾಲರಿಗೆ ಎಡಿಟರ್ ದರ್ಜೆ ಕೊಟ್ಟರೆ ಮುಗಿಯಿತಲ್ಲ ಎನಿಸುತ್ತದೆ. ಹೊಸ ಸೂಚನೆಗಳ ಮಟ್ಟಿಗೆ ಅದು ನಿಜ. ಮೇಡಂ ಸೂಚನೆ ಬರೆದು ಕಳಿಸುತ್ತಾರೆ, ಪ್ರಾಂಶುಪಾಲರು ಒಪ್ಪಿ ಪ್ರಕಟಿಸುತ್ತಾರೆ. ಆದರೂ ಒಂದು ತೊಡಕಿದೆ: ಕಾಂಟ್ರಿಬ್ಯೂಟರ್‌ಗೆ ಫೈಲ್ ಅಪ್‌ಲೋಡ್ ಮಾಡುವ ಅಧಿಕಾರವಿಲ್ಲ. ಕಾಲೇಜಿನ ಸೂಚನೆ ಎಂದರೆ ಸಾಮಾನ್ಯವಾಗಿ ಒಂದು ಪಿಡಿಎಫ್. ಅದನ್ನು ಲಗತ್ತಿಸಲು ಆಗದೆ ಮೂರನೇ ದಿನಕ್ಕೆ ಯಾರೋ ಅವರಿಗೆ ಎಡಿಟರ್ ದರ್ಜೆ ಕೊಟ್ಟುಬಿಡುತ್ತಾರೆ.

ಆದರೆ ಶುಲ್ಕಪಟ್ಟಿ ಹೊಸ ಸೂಚನೆಯಲ್ಲ, ಈಗಾಗಲೇ ಪ್ರಕಟವಾಗಿರುವ ಪುಟ. ಕಾಂಟ್ರಿಬ್ಯೂಟರ್ ಅದನ್ನು ಮುಟ್ಟುವಂತೆಯೇ ಇಲ್ಲ. ಎಡಿಟರ್ ಮುಟ್ಟಿದರೆ ಸೇವ್ ಒತ್ತಿದ ಕೂಡಲೇ ಜಗತ್ತಿಗೆ ಕಾಣುತ್ತದೆ. ಹಳೆಯ ಪುಟ ಜನರಿಗೆ ಕಾಣುತ್ತಿರುವಾಗಲೇ, ತಿದ್ದಿದ ಪ್ರತಿ ಕರಡಾಗಿ ಪಕ್ಕದಲ್ಲಿ ಕೂತು ಸಹಿಗೆ ಕಾಯುವ ವ್ಯವಸ್ಥೆ ಮೂಲ ವರ್ಡ್‌ಪ್ರೆಸ್‌ನಲ್ಲಿ ಇಲ್ಲ. ಸಂಸ್ಥೆಗಳ ಸೈಟುಗಳಲ್ಲಿ ಬಹುಪಾಲು ಕೆಲಸ ಇಂಥ ತಿದ್ದುಪಡಿಯೇ: ಶುಲ್ಕ, ಸಮಯ, ಫೋನ್ ನಂಬರ್, ಪದಾಧಿಕಾರಿಗಳ ಹೆಸರು. ಹಾಗಾಗಿ ಸಿಎಂಎಸ್ ಆರಿಸುವಾಗ "ಅನುಮೋದನೆ ಸೌಲಭ್ಯ ಇದೆಯೇ" ಎಂದು ಕೇಳಿ ಹೌದು ಎಂಬ ಉತ್ತರ ಸಿಕ್ಕರೆ ಸಾಲದು. "ಪ್ರಕಟವಾದ ಪುಟವನ್ನು ತಿದ್ದಿದಾಗ, ಒಪ್ಪಿಗೆ ಸಿಗುವವರೆಗೆ ಹಳೆಯ ಪುಟ ಹಾಗೇ ಉಳಿಯುತ್ತದೆಯೇ" ಎಂದು ಕೇಳಬೇಕು.

ಡ್ರೂಪಲ್‌ನಲ್ಲಿ ಇದಕ್ಕೆ ಕಂಟೆಂಟ್ ಮಾಡರೇಶನ್ ಎಂಬ ಭಾಗವಿದೆ. 2018ರಿಂದ ಅದು ಮೂಲ ತಂತ್ರಾಂಶದ ಜೊತೆಗೇ ಸ್ಥಿರ ರೂಪದಲ್ಲಿ ಬರುತ್ತದೆ, ಆನ್ ಮಾಡಿದರೆ ಸಾಕು. ಕರಡು, ಪರಿಶೀಲನೆಯಲ್ಲಿದೆ, ಪ್ರಕಟಿತ ಎಂಬ ಹಂತಗಳನ್ನು ನಾವೇ ಹೆಸರಿಸಿಕೊಂಡು, ಯಾವ ದರ್ಜೆಯವರು ಯಾವ ಹಂತದಿಂದ ಯಾವ ಹಂತಕ್ಕೆ ದಾಟಿಸಬಹುದು ಎಂದು ಗೊತ್ತುಮಾಡಬಹುದು. ಗ್ರಂಥಪಾಲಕರು ಗ್ರಂಥಾಲಯದ ಸೂಚನೆಗಳನ್ನು ತಾವೇ ಪ್ರಕಟಿಸಲಿ, ಕೋರ್ಸಿನ ದಾಖಲೆ ಮಾತ್ರ ಪ್ರಾಂಶುಪಾಲರ ಕೈದಾಟಿಯೇ ಹೋಗಲಿ ಎಂದೂ ಮಾಡಬಹುದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಸೈಟಿಗಾಗಿ ಬ್ರಿಟನ್ನಿನ ಟಾರ್ಚ್‌ಬಾಕ್ಸ್ ಸಂಸ್ಥೆ ಕಟ್ಟಿ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ವ್ಯಾಗ್‌ಟೇಲ್‌ನಲ್ಲಿ ಇದು ಮೊದಲಿನಿಂದಲೂ ಸಹಜ. ತಿದ್ದುವವರಿಗೆ ಕರಡು ಉಳಿಸುವ, ಪರಿಶೀಲನೆಗೆ ಕಳಿಸುವ ಗುಂಡಿಗಳಷ್ಟೇ ಕಾಣುತ್ತವೆ, ಪ್ರಕಟಿಸುವ ಗುಂಡಿ ಕಣ್ಣಿಗೇ ಬೀಳುವುದಿಲ್ಲ. ವರ್ಡ್‌ಪ್ರೆಸ್ ಬಿಡಲಾಗದಿದ್ದರೆ ಪಬ್ಲಿಷ್‌ಪ್ರೆಸ್ ರಿವಿಶನ್ಸ್‌ನಂಥ ಪ್ಲಗಿನ್ ಹಾಕಿ ಈ ಕೊರತೆ ತುಂಬಿಕೊಳ್ಳಬಹುದು. ಪ್ಲಗಿನ್ ಎಂದಮೇಲೆ ಅದನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವ ಹೊಣೆಯೂ ಸೇರಿಕೊಳ್ಳುತ್ತದೆ.

ಇದೆಲ್ಲ ಅತಿಯಾಯಿತು ಎನ್ನುವವರಿಗೆ ಒಂದು ಮಾತು ಹೇಳುತ್ತೇನೆ. ಕೇಂದ್ರದ ಎನ್‌ಐಸಿ ರೂಪಿಸಿದ ಸರ್ಕಾರಿ ವೆಬ್‌ಸೈಟುಗಳ ಮಾರ್ಗಸೂಚಿ, ಅಂದರೆ ಜಿಐಜಿಡಬ್ಲ್ಯೂ, 2009ರಲ್ಲಿ ಮೊದಲು ಬಂದಾಗಿನಿಂದಲೂ ಯಾರು ಬರೆಯುತ್ತಾರೆ, ಯಾರು ಪರಿಶೀಲಿಸುತ್ತಾರೆ, ಯಾರು ಒಪ್ಪುತ್ತಾರೆ ಎಂಬ ಲಿಖಿತ ನೀತಿ ಪ್ರತಿ ಇಲಾಖೆಗೂ ಇರಬೇಕೆನ್ನುತ್ತದೆ. ಖಾಸಗಿ ಕಾಲೇಜಿಗೆ ಅದು ಕಡ್ಡಾಯವಲ್ಲ, ಆದರೆ ಒಂದು ಪುಟದಲ್ಲಿ ಹಾಗೆ ಬರೆದಿಟ್ಟುಕೊಂಡರೆ ಸಿಎಂಎಸ್ ಆಯ್ಕೆ ಅರ್ಧ ಮುಗಿದಂತೆ. ನಾನು ಆ ಕಾಲೇಜಿನಲ್ಲಿ ಮೊದಲು ಮಾಡಿದ್ದೂ ಅದನ್ನೇ. ಸೈಟಿನ 34 ಪುಟಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಯಾರು ತಿದ್ದುವವರು, ಯಾರು ಒಪ್ಪುವವರು ಎಂದು ಪ್ರಾಂಶುಪಾಲರಿಂದಲೇ ತುಂಬಿಸಿದೆ. ಒಪ್ಪುವವರ ಅಗತ್ಯವಿದ್ದದ್ದು ಏಳು ಪುಟಗಳಿಗೆ ಮಾತ್ರ. ಮಿಕ್ಕವನ್ನು ಸಿಬ್ಬಂದಿ ನೇರವಾಗಿ ತಿದ್ದಲಿ ಎಂದು ಅವರೇ ಹೇಳಿದರು. ಎಲ್ಲದಕ್ಕೂ ಸಹಿ ಬೇಕೆಂದು ಕೂತರೆ ಎರಡು ವಾರದಲ್ಲಿ ಕರಡುಗಳು ರಾಶಿ ಬೀಳುತ್ತವೆ. ಕೊನೆಗೆ ಪ್ರಾಂಶುಪಾಲರು ತಮ್ಮ ಪಾಸ್‌ವರ್ಡನ್ನೇ ಗುಮಾಸ್ತರಿಗೆ ಕೊಟ್ಟುಬಿಡುತ್ತಾರೆ, ಇದನ್ನು ಬೇರೆ ಕಡೆ ಕಂಡಿದ್ದೇನೆ.

ಪಾಸ್‌ವರ್ಡ್ ವಿಷಯ ಬಂತಲ್ಲ, ಆ ಕಾಲೇಜಿನಲ್ಲಿ ಇದ್ದದ್ದು ಒಂದೇ ಒಂದು ಲಾಗಿನ್, ಅದೂ ಅಡ್ಮಿನಿಸ್ಟ್ರೇಟರ್ ದರ್ಜೆಯದ್ದು. ಮೂವರು ಅದನ್ನೇ ಬಳಸುತ್ತಿದ್ದರು. ಶುಲ್ಕಪಟ್ಟಿ ಬದಲಾದದ್ದು ಯಾವತ್ತು ಎಂದು ಚರಿತ್ರೆಯಲ್ಲಿ ಕಾಣುತ್ತಿತ್ತು, ಯಾರು ಎಂದು ಕಾಣುತ್ತಿರಲಿಲ್ಲ. ಮೇಡಂ ತಾವಾಗಿಯೇ ಹೇಳಿದ್ದರಿಂದ ಗೊತ್ತಾಯಿತು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಬೇಕು ಎನ್ನುವುದು ಸಿಬ್ಬಂದಿಯ ಮೇಲಿನ ಅನುಮಾನದ ಮಾತಲ್ಲ. ಯಾರು ಯಾವ ಉದ್ದೇಶದಿಂದ ಬದಲಿಸಿದರು ಎಂದು ಕೇಳಿ ಸರಿಪಡಿಸಲು ಅದು ಬೇಕು. ಅಡ್ಮಿನಿಸ್ಟ್ರೇಟರ್ ಲಾಗಿನ್ ಸಿಬ್ಬಂದಿಯ ಯಾರ ಕೈಯಲ್ಲೂ ಇರಬೇಕಿಲ್ಲ. ವರ್ಡ್‌ಪ್ರೆಸ್‌ನಲ್ಲಾದರೆ `wp-config.php` ಕಡತಕ್ಕೆ ಡೆವಲಪರ್‌ನಿಂದ ಈ ಎರಡು ಸಾಲು ಸೇರಿಸಿಸಿ:

```php
define( 'DISALLOW_FILE_EDIT', true );
define( 'WP_POST_REVISIONS', 30 );
```

ಮೊದಲನೆಯದು ಬ್ರೌಸರಿನಿಂದಲೇ ಸೈಟಿನ ಕೋಡ್ ತಿದ್ದುವ ಪರದೆಯನ್ನು ಮುಚ್ಚಿಬಿಡುತ್ತದೆ. ಎರಡನೆಯದು ಪ್ರತಿ ಪುಟದ ಹಿಂದಿನ 30 ಆವೃತ್ತಿಗಳನ್ನು ಇಟ್ಟುಕೊಳ್ಳುತ್ತದೆ. ಏನೂ ಹೇಳದಿದ್ದರೆ ವರ್ಡ್‌ಪ್ರೆಸ್ ಎಲ್ಲ ಆವೃತ್ತಿಗಳನ್ನೂ ಇಡುತ್ತದೆ ನಿಜ, ಆದರೆ ಜಾಗ ಉಳಿಸಲೆಂದು ಇದನ್ನು ಸೊನ್ನೆಗೋ ಎರಡಕ್ಕೋ ಇಳಿಸಿಟ್ಟಿರುವ ಸೈಟುಗಳೂ ಇವೆ. ಅಂಥಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಹಳೆಯದು ಹೋಗಿಬಿಟ್ಟಿರುತ್ತದೆ.

ಹಿಂದಕ್ಕೆ ಹೋಗುವ ಸೌಲಭ್ಯವನ್ನು ಬಾಯಿಮಾತಿನಲ್ಲಿ ನಂಬಬಾರದು, ಮಾಡಿಯೇ ನೋಡಬೇಕು. ವರ್ಡ್‌ಪ್ರೆಸ್‌ನ ಆವೃತ್ತಿ ಚರಿತ್ರೆ ಪುಟದ ಶೀರ್ಷಿಕೆಯನ್ನೂ ಬರಹವನ್ನೂ ಹಿಂದಕ್ಕೆ ತರುತ್ತದೆ. ನಾನು ಮೇಲೆ ಹೊಗಳಿದ ಶುಲ್ಕದ ಖಾನೆಯಂಥ ಹೆಚ್ಚುವರಿ ಖಾನೆಗಳನ್ನು ಅದು ತಾನಾಗಿ ತರುವುದಿಲ್ಲ. ಆ ಖಾನೆಗಳನ್ನು ಮಾಡಿದ ಪ್ಲಗಿನ್ ಅಥವಾ ಡೆವಲಪರ್ ಅದಕ್ಕೆ ಏರ್ಪಾಡು ಮಾಡಿರಬೇಕು. ಹಾಗಾಗಿ ಪರೀಕ್ಷೆಗಾಗಿ ಒಂದು ಶುಲ್ಕವನ್ನು 24500ರಿಂದ 100ಕ್ಕೆ ಬದಲಿಸಿ, ಉಳಿಸಿ, ಆಮೇಲೆ ಹಿಂದಿನ ಆವೃತ್ತಿಗೆ ಮರಳಿ. ಪುಟದಲ್ಲಿ 24,500 ಕಂಡರೆ ಸರಿ. 100 ಹಾಗೇ ನಿಂತಿದ್ದರೆ ಆ ಸೈಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿಗಳಿಗೇ ರಕ್ಷಣೆ ಇಲ್ಲ. ಮೆನುಗಳಿಗೂ ಹೀಗೇ. ಮೇಲಿನ ಮೆನುವಿನಿಂದ ಒಂದು ಕೊಂಡಿ ಕಿತ್ತುಹೋದರೆ ಪುಟದ ಚರಿತ್ರೆ ಅದನ್ನು ವಾಪಸು ತರುವುದಿಲ್ಲ. ಆದ್ದರಿಂದ ಮೆನು ಮುಟ್ಟುವ ಅಧಿಕಾರವನ್ನೇ ಸಿಬ್ಬಂದಿಗೆ ಕೊಡದಿರುವುದು ಒಳ್ಳೆಯದು.

ಫೈಲುಗಳದು ಬೇರೆಯೇ ಕಥೆ, ಮತ್ತು ಈ ಕಥೆಯನ್ನು ಮಾರುವವರು ಹೇಳುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಪುಟ ಅಳಿಸಿದರೆ ಕಸದ ಬುಟ್ಟಿಗೆ ಹೋಗಿ 30 ದಿನ ಅಲ್ಲಿರುತ್ತದೆ, ಅಷ್ಟರಲ್ಲಿ ವಾಪಸು ತೆಗೆಯಬಹುದು. ಚಿತ್ರ ಅಥವಾ ಪಿಡಿಎಫ್ ಅಳಿಸಿದರೆ ಬುಟ್ಟಿಯಿಲ್ಲ, ಆಗಲೇ ಶಾಶ್ವತವಾಗಿ ಹೋಗುತ್ತದೆ. ಇನ್ನೂ ಅಪಾಯದ್ದು ಇದರ ತಿರುಗುಮುರುಗು. ಕಳೆದ ವರ್ಷದ `fees.pdf` ಸೈಟಿನಲ್ಲಿದೆ ಎಂದುಕೊಳ್ಳಿ. ಮೇಡಂ ಈ ವರ್ಷದ್ದನ್ನು ಅದೇ ಹೆಸರಿನಲ್ಲಿ ಏರಿಸುತ್ತಾರೆ, ಹಳೆಯದರ ಜಾಗದಲ್ಲಿ ಹೊಸದು ಕೂತಿತು ಎಂದು ಭಾವಿಸುತ್ತಾರೆ. ಕೂರುವುದಿಲ್ಲ. ತಂತ್ರಾಂಶ ಅದನ್ನು ಬೇರೆ ವಿಳಾಸದಲ್ಲಿ, ಅದೇ ಫೋಲ್ಡರಾದರೆ `fees-1.pdf` ಎಂಬ ಹೆಸರಿನಲ್ಲಿ, ಇಡುತ್ತದೆ. ಪುಟದಲ್ಲಿರುವ ಕೊಂಡಿ ಹಳೆಯದಕ್ಕೇ ಹೋಗುತ್ತಿರುತ್ತದೆ, ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಕೊಂಡಿಯೂ ಹಳೆಯದನ್ನೇ ತೆರೆಯುತ್ತದೆ. ಯಾರೂ ದೂರು ಕೊಡುವುದಿಲ್ಲ, ಏಕೆಂದರೆ ತೆರೆದವರಿಗೆ ಒಂದು ಶುಲ್ಕಪಟ್ಟಿ ಸಿಕ್ಕೇ ಸಿಗುತ್ತದೆ. ಅದು ಹೋದ ವರ್ಷದ್ದು ಎಂದು ಅವರಿಗೆ ಗೊತ್ತಾಗುವುದು ಕೌಂಟರಿನ ಮುಂದೆ ನಿಂತಾಗ. ನನ್ನ ಸಲಹೆ ಎರಡು: ಪುಟದಲ್ಲೇ ಬರೆಯಬಹುದಾದ ಶುಲ್ಕವನ್ನು ಪಿಡಿಎಫ್ ಮಾಡಬೇಡಿ. ಮಾಡಲೇಬೇಕಾದಾಗ ಫೈಲಿನ ಹೆಸರಿನಲ್ಲೇ ವರ್ಷ ಸೇರಿಸಿ, ಹಳೆಯದನ್ನು ತೆಗೆಯಿರಿ. ಒಂದು ಫೈಲ್ ಯಾವ ಯಾವ ಪುಟಗಳಲ್ಲಿ ಬಳಕೆಯಾಗಿದೆ ಎಂದು ವ್ಯಾಗ್‌ಟೇಲ್ ಅಳಿಸುವ ಮುನ್ನವೇ ತೋರಿಸುತ್ತದೆ. ಈ ಒಂದು ಗುಣಕ್ಕಾಗಿ ಅದರ ಮೇಲೆ ನನಗೆ ವಿಶೇಷ ಪ್ರೀತಿ.

ಕನ್ನಡದ ಕಚೇರಿಗಳಲ್ಲಿ ಎದುರಾಗುವ ಒಂದು ತೊಂದರೆಯನ್ನು ಹೇಳದಿದ್ದರೆ ಈ ಬರಹ ಅರ್ಧವೇ. ಎಸ್‌ಡಿಎ ಮೇಡಂ ಸೂಚನೆಗಳನ್ನು ಸಿದ್ಧಪಡಿಸುವುದು ನುಡಿಯಲ್ಲಿ, ಅದೂ ಹಳೆಯ ಫಾಂಟಿನಲ್ಲಿ. ಅಲ್ಲಿ "ಕನ್ನಡ" ಎಂದು ಕಾಣುವುದನ್ನು ಕಾಪಿ ಮಾಡಿ ಸೈಟಿಗೆ ಅಂಟಿಸಿದರೆ `PÀ£ÀßqÀ` ಎಂದು ಬೀಳುತ್ತದೆ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿರುವುದು ಬಯಲಾಗುತ್ತದೆ. ವೆಬ್‌ಗೆ ಬೇಕಿರುವುದು ಯೂನಿಕೋಡ್. ಇದು ಸಿಎಂಎಸ್‌ನ ದೋಷವಲ್ಲ, ಆದರೆ ಪರಿಹಾರವಿಲ್ಲದೆ ಬಿಟ್ಟರೆ ಸಿಬ್ಬಂದಿ ತಮ್ಮದೇ ದಾರಿ ಹುಡುಕುತ್ತಾರೆ: ಸೂಚನೆಯನ್ನು ಮುದ್ರಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು, ಆ ಚಿತ್ರವನ್ನು ಏರಿಸುತ್ತಾರೆ. ಆಗ ಆ ಸೂಚನೆ ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದುವುದೂ ಇಲ್ಲ. ನಾವು ಕಚೇರಿಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಕೀಲಿಮಣೆ ಹಾಕಿಕೊಟ್ಟೆವು. ನುಡಿಯ ಕೆ.ಪಿ. ರಾವ್ ವಿನ್ಯಾಸವೇ ಅಲ್ಲೂ ಸಿಗುವುದರಿಂದ ಅವರ ಬೆರಳಿನ ಅಭ್ಯಾಸ ಬದಲಾಗಬೇಕಾಗಲಿಲ್ಲ. ಹಳೆಯ ಕಡತಗಳಿಗೆ ಪರಿವರ್ತಕವನ್ನೂ ಕೊಟ್ಟೆವು, ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಕಡೆ ಒಮ್ಮೆ ಕಣ್ಣಾಡಿಸಿ ಎಂದು ಹೇಳಿ.

ಇದಕ್ಕೆ ಅಂಟಿಕೊಂಡೇ ಪುಟದ ವಿಳಾಸದ ಸಮಸ್ಯೆ ಇದೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ತಯಾರಿಸುತ್ತದೆ. ಕನ್ನಡದ "ಕ" ಅಕ್ಷರ ಅದರೊಳಗೆ `%E0%B2%95` ಎಂದು ಒಂಬತ್ತು ಅಕ್ಷರಗಳಾಗುತ್ತದೆ, ಕಾಗುಣಿತದ ಚಿಹ್ನೆ ಸೇರಿದರೆ ಇನ್ನೂ ಒಂಬತ್ತು. ವಿಳಾಸದ ಮಿತಿ 200 ಅಕ್ಷರ. ಹಾಗಾಗಿ ಉದ್ದನೆಯ ಕನ್ನಡ ಶೀರ್ಷಿಕೆಯ ವಿಳಾಸ ನಡುವೆಯೇ ಕತ್ತರಿಸಿಹೋಗುತ್ತದೆ, ವಾಟ್ಸಾಪಿನಲ್ಲಿ ಕಳಿಸಿದರೆ ಎರಡು ಮೂರು ಸಾಲು ಶೇಕಡಾ ಚಿಹ್ನೆಗಳು ಕಾಣುತ್ತವೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸವನ್ನು `bca-fees` ಎಂಬಂತೆ ಚಿಕ್ಕದಾಗಿ ಕೈಯಿಂದ ಕೊಡುವ ರೂಢಿ ಮಾಡಿಸಿ. ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬೇಡಿ ಎಂದೂ ಹೇಳಿ. ಪೋಸ್ಟುಗಳಲ್ಲಾದರೆ ವರ್ಡ್‌ಪ್ರೆಸ್ ಹಳೆಯ ವಿಳಾಸವನ್ನು ನೆನಪಿಟ್ಟು ಹೊಸದಕ್ಕೆ ದಾಟಿಸುತ್ತದೆ, ಪುಟಗಳಿಗೆ ಆ ನೆನಪು ಇಡುವುದಿಲ್ಲ.

ಆರಿಸುವ ದಿನ ನಾನು ಮಾಡಿದ್ದು ಒಂದು ಸಣ್ಣ ಪರೀಕ್ಷೆ. ಡ್ರೂಪಲ್, ವ್ಯಾಗ್‌ಟೇಲ್, ನಮೂನೆ ಮತ್ತು ಪರಿಶೀಲನೆಯ ಪ್ಲಗಿನ್ ಹಾಕಿದ ವರ್ಡ್‌ಪ್ರೆಸ್, ಈ ಮೂರನ್ನೂ ಪ್ರಯೋಗಕ್ಕೆಂದು ಎಬ್ಬಿಸಿ, ಒಂದೊಂದರಲ್ಲೂ ಅದೇ ಐದು ಕೋರ್ಸುಗಳನ್ನು ತುಂಬಿದೆ. ಮೇಡಂ ಅವರನ್ನು ಕೂರಿಸಿ ನಾಲ್ಕು ಕೆಲಸ ಚೀಟಿಯಲ್ಲಿ ಬರೆದುಕೊಟ್ಟೆ. ಬಿ.ಎಸ್‌ಸಿ. ತೆಗೆಯಿರಿ. ಬಿಸಿಎ ಶುಲ್ಕಕ್ಕೆ 500 ಸೇರಿಸಿ. ಈ ಸೂಚನೆಯನ್ನು ಪಿಡಿಎಫ್ ಸಮೇತ ಹಾಕಿ. ಈಗ ಬಿ.ಎಸ್‌ಸಿ. ಬೇಕೆಂದು ತೀರ್ಮಾನವಾಗಿದೆ, ವಾಪಸು ತನ್ನಿ. ನಾನು ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡುತ್ತಿದ್ದೆ. ಬಾಯಿ ಬಿಡದಿರುವುದೇ ಇದರಲ್ಲಿ ಕಷ್ಟದ ಭಾಗ. ಅವರು ಎಲ್ಲಿ ಮೌಸ್ ನಿಲ್ಲಿಸಿ ಪರದೆ ದಿಟ್ಟಿಸುತ್ತಾರೋ, ನಾಳೆ ನಿಮಗೆ ಫೋನ್ ಬರುವುದು ಆ ಜಾಗದಿಂದಲೇ.

ಮೂರರಲ್ಲೂ ಮೊದಲ ಎರಡು ಕೆಲಸ ಸರಾಗವಾದವು, ನಮೂನೆ ಎಲ್ಲ ಕಡೆ ಒಂದೇ ಥರ ಇತ್ತಲ್ಲ. ಅವರು ಹೆಚ್ಚು ನಿರಾಳವಾಗಿದ್ದದ್ದು ವ್ಯಾಗ್‌ಟೇಲ್‌ನಲ್ಲಿ. "ಇದರಲ್ಲಿ ನಾನು ಏನು ಒತ್ತಿದ್ರೂ ಹಾಳಾಗಲ್ಲ ಅನ್ನಿಸುತ್ತೆ" ಎಂದರು. ಡ್ರೂಪಲ್‌ನಲ್ಲಿ ಅಳಿಸಿದ್ದನ್ನು ವಾಪಸು ತರುವಲ್ಲಿ ಸಿಕ್ಕಿಬಿದ್ದರು. ಮೂಲ ಡ್ರೂಪಲ್‌ನಲ್ಲಿ ಅಳಿಸಿದ ದಾಖಲೆಗೆ ಕಸದ ಬುಟ್ಟಿ ಇಲ್ಲ, ಅಳಿಸುವ ಬದಲು ಹಿಂತೆಗೆದಿಡುವ ಹಂತಕ್ಕೆ ದಾಟಿಸಬೇಕು. ಹಾಗಾಗಿ ಅಲ್ಲಿ ಅಳಿಸುವ ಅಧಿಕಾರವನ್ನೇ ಕೊಡಬಾರದು. ವರ್ಡ್‌ಪ್ರೆಸ್‌ನಲ್ಲಿ ನಾಲ್ಕೂ ಆದವು, ನಡುವೆ ಎರಡು ಬಾರಿ ಪ್ಲಗಿನ್‌ಗಳ ಜಾಹೀರಾತು ಪಟ್ಟಿಗಳು ಅಡ್ಡಬಂದು ಗಾಬರಿಗೊಳಿಸಿದವು.

ಆದರೂ ಕಾಲೇಜು ಕೊನೆಗೆ ಆರಿಸಿದ್ದು ವರ್ಡ್‌ಪ್ರೆಸ್ ಅನ್ನೇ, ನಾನೂ ಅದನ್ನೇ ಶಿಫಾರಸು ಮಾಡಿದೆ. ಕಾರಣ ನಾನೇ. ವ್ಯಾಗ್‌ಟೇಲ್ ಪೈಥಾನ್‌ನಲ್ಲಿ ಕಟ್ಟಿದ್ದು, ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಪಿಎಚ್‌ಪಿ. ನಾನು ನಾಳೆ ಇಲ್ಲವಾದರೆ ಆ ತಾಲ್ಲೂಕಿನಲ್ಲಿ ಅದನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಡ್ರೂಪಲ್ ಬಲ್ಲವರೂ ಹತ್ತಿರದಲ್ಲಿರಲಿಲ್ಲ. ಅದರ ಏಳನೇ ಆವೃತ್ತಿಗೆ 2025ರ ಜನವರಿ 5ಕ್ಕೆ ಅಧಿಕೃತ ಬೆಂಬಲ ನಿಂತಿತು. ಅದರಿಂದ ಮುಂದಿನದಕ್ಕೆ ಹೋಗುವುದು ಹೊಸ ಸೈಟ್ ಕಟ್ಟಿದಷ್ಟೇ ಕೆಲಸ, ಬಲ್ಲವರಿಲ್ಲದ ಸಂಸ್ಥೆಗಳು ಅಲ್ಲೇ ಸಿಕ್ಕಿಕೊಂಡವು. ಬೆಂಬಲವಿಲ್ಲದ ತಂತ್ರಾಂಶದಲ್ಲಿ ಅಪ್‌ಡೇಟ್ ಇಲ್ಲದ ಬಿರುಕುಗಳಿಂದ ಹೊರಗಿನವರು ನುಗ್ಗುತ್ತಾರೆ, ಆಗ ಗುಮಾಸ್ತರ ದರ್ಜೆ ಯಾವುದಿದ್ದರೇನು. ದೊಡ್ಡ ವಿಶ್ವವಿದ್ಯಾಲಯ, ಖಾಯಂ ತಾಂತ್ರಿಕ ಸಿಬ್ಬಂದಿ ಇರುವ ಸಂಸ್ಥೆ ಆಗಿದ್ದರೆ ನನ್ನ ತೀರ್ಪು ಡ್ರೂಪಲ್ ಅಥವಾ ವ್ಯಾಗ್‌ಟೇಲ್ ಕಡೆ ವಾಲುತ್ತಿತ್ತು. ಆರೇಳು ಪುಟಗಳಷ್ಟೇ ಇರುವ ಸಂಘಕ್ಕೆ ಇವು ಯಾವುವೂ ಬೇಡ, ಗೂಗಲ್ ಸೈಟ್ಸ್ ಸಾಕು. ತಿದ್ದುವುದೂ ಪ್ರಕಟಿಸುವುದೂ ಅದರಲ್ಲಿ ಬೇರೆ ಬೇರೆ ಹೆಜ್ಜೆಗಳು, ಹಳೆಯ ಆವೃತ್ತಿಗಳೂ ಸಿಗುತ್ತವೆ.

ಪೇಜ್ ಬಿಲ್ಡರ್ ಕಿತ್ತುಹಾಕಿದೆವು. ಈಗ ಆ ಕಾಲೇಜಿನಲ್ಲಿ ಶುಲ್ಕ ಬದಲಾಗಬೇಕಾದರೆ ಮೇಡಂ ನಮೂನೆಯಲ್ಲಿ ಅಂಕಿ ತಿದ್ದಿ ಪರಿಶೀಲನೆಗೆ ಕಳಿಸುತ್ತಾರೆ. ಪ್ರಾಂಶುಪಾಲರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ನೋಡಿ ಒಪ್ಪಿಗೆ ಕೊಡುತ್ತಾರೆ.

ನಿಮ್ಮ ಶಾಲೆಗೋ ಸಹಕಾರ ಸಂಘಕ್ಕೋ ಸೈಟ್ ಮಾಡಿಸುತ್ತಿದ್ದರೆ ಕೊಟೇಶನ್‌ಗೆ ಸಹಿ ಹಾಕುವ ಮೊದಲು ಡೆವಲಪರ್‌ಗೆ ಒಂದು ಗಂಟೆ ಕೇಳಿ. ಆ ಗಂಟೆ ಪರದೆಯ ಮುಂದೆ ಅಧ್ಯಕ್ಷರು ಕೂರುವುದು ಬೇಡ. ದಿನಾ ಪುಟ ತಿದ್ದಬೇಕಾದ ಗುಮಾಸ್ತರನ್ನು ಕೂರಿಸಿ, ಒಂದು ಸಾಲು ಅಳಿಸಲು ಹೇಳಿ, ಆಮೇಲೆ ಅದನ್ನು ವಾಪಸು ತರಲು ಹೇಳಿ.